ಕಿಟಕಿಯ ಬೆಲೆ

ಅಪ್ಪನ ಪಿತ್ತಕೋಶದ ಆಪರೇಷನ್ ಮುಗಿದು ಮೂರು ದಿನ. ಕೈಯಲ್ಲಿ ಎಂಟು ಪುಟದ ಬಿಲ್ ಹಿಡಿದು ನಾನು ಬಿಲ್ಲಿಂಗ್ ಕೌಂಟರ್ ಮುಂದೆ ನಿಂತಿದ್ದೆ. ಒಟ್ಟು 1,68,000. ವಿಮೆಯವರು ಒಪ್ಪಿದ್ದು 1,15,000. ಉಳಿದ 53,000 ನನ್ನ ಭಾಗ್ಯ.

"ಪಾಲಿಸಿ 5 ಲಕ್ಷದ್ದು. ಮತ್ತೆ ನಾನ್ಯಾಕೆ ಕೊಡಬೇಕು?" ಅಂದೆ.

ಕೌಂಟರಿನ ಹುಡುಗನ ತಾಳ್ಮೆ ದೊಡ್ಡದು. "ಸರ್, ನಿಮ್ಮ ಪಾಲಿಸಿಯಲ್ಲಿ ರೂಮ್ ಬಾಡಿಗೆ ದಿನಕ್ಕೆ 5,000ದವರೆಗೆ. ನೀವು ತಗೊಂಡಿದ್ದು 8,000ದ್ದು, ಕಿಟಕಿ ಇರೋದು."

ಸರಿ, ದಿನಕ್ಕೆ 3,000 ಜಾಸ್ತಿ, ಮೂರು ದಿನಕ್ಕೆ 9,000. ಕೊಡೋಣ ಬಿಡಿ.

"ಅದಷ್ಟೇ ಅಲ್ಲ ಸರ್. ಎಂಟರಲ್ಲಿ ಐದು ಭಾಗದ ರೂಮಿಗೆ ನೀವು ಅರ್ಹರು. ಹಾಗಾಗಿ ಆಪರೇಷನ್ ಪ್ಯಾಕೇಜ್‌ಗೂ ಎಂಟರಲ್ಲಿ ಐದೇ ಭಾಗ ಸಿಗುತ್ತೆ. 96,000ಕ್ಕೆ 60,000."

ಅಂದರೆ ಸರ್ಜನ್, ಅರಿವಳಿಕೆ ಡಾಕ್ಟರ್, ಥಿಯೇಟರ್ ಎಲ್ಲಾ ಸೇರಿ 36,000 ಕಡಿತ. ಅಪ್ಪ ಥಿಯೇಟರಿಗೆ ಹೋಗುವಾಗ ಕಿಟಕಿಯನ್ನು ಜೊತೆಗೆ ಒಯ್ದಿರಲಿಲ್ಲ ಅಂತ ಹೇಳಿ ನೋಡಿದೆ. ಹುಡುಗ ನಕ್ಕ. ಔಷಧಿ ಮತ್ತು ಪರೀಕ್ಷೆಗಳ 40,000 ಮಾತ್ರ ಪೂರ್ತಿ ಬಂದಿತ್ತು, ಅವುಗಳಿಗೆ ಈ ಕಡಿತ ತಾಗುವುದಿಲ್ಲವಂತೆ. ಪುಣ್ಯಕ್ಕೆ ಮಾತ್ರೆಗಳು ಕಿಟಕಿ ಕಡೆ ನೋಡಿರಲಿಲ್ಲ.

"ಹಾಗಾದ್ರೆ 5,000ದ ರೂಮಿನಲ್ಲಿ ಇದೇ ಪ್ಯಾಕೇಜ್ ಎಷ್ಟು?" ಅಂತ ಕೇಳಿದೆ. ಅವನು ದರಪಟ್ಟಿ ತೆಗೆದ. 84,000!

ಅಲ್ಲಿಗೆ ಲೆಕ್ಕ ಹೀಗಾಯಿತು. ಕಿಟಕಿ ರೂಮ್ ತಗೊಂಡಿದ್ದಕ್ಕೆ ಆಸ್ಪತ್ರೆ ಪ್ಯಾಕೇಜಿಗೆ ಜಾಸ್ತಿ ಹಾಕಿದ್ದು 12,000. ಅದೇ ತಪ್ಪಿಗೆ ವಿಮೆಯವರು ಕಳೆದಿದ್ದು ಅದರ ಮೂರು ಪಟ್ಟು. ರೂಮ್ ಯಾವುದಾದರೂ ಆಪರೇಷನ್ ದರ ಒಂದೇ ಇರುವ ಆಸ್ಪತ್ರೆಗಳೂ ಇವೆ. ಅಂಥ ಕಡೆ ಈ ಕಡಿತ ಯಾಕೆ ಅಂತ ಜಗಳ ಮಾಡಬಹುದು. ಇಲ್ಲಿ ದರಪಟ್ಟಿಯೇ ನನ್ನ ವಿರುದ್ಧ ಸಾಕ್ಷಿ.

ಇನ್ನು 8,000 ಗ್ಲೌಸು, ಮಾಸ್ಕು, ಟೋಪಿ, ಆಪರೇಷನ್ ವೇಳೆ ಮೈಮೇಲೆ ಹೊದಿಸುವ ಡ್ರೇಪಿನದು. ವಿಮೆಯವರ ಪಾಲಿಗೆ ಇವು ಚಿಕಿತ್ಸೆಯೇ ಅಲ್ಲ. "ಪ್ಯಾಕೇಜ್ ಒಳಗೆ ಗ್ಲೌಸ್ ಬರಲ್ವಾ? ಬರಿಗೈಲಿ ಮಾಡೋ ಪ್ಯಾಕೇಜಾ?" ಅಂದೆ. ಪ್ಯಾಕೇಜಿನಲ್ಲಿ ಏನೇನಿದೆ ಅಂತ ಬರೆದ ಹಾಳೆ ಕೊಡಿ ಅಂದಾಗ ಹುಡುಗನ ನಗು ಸ್ವಲ್ಪ ಸಣ್ಣಗಾಯಿತು. ಒಳಗೆ ಹೋಗಿ ಬಂದ. ಥಿಯೇಟರಿನ ಗ್ಲೌಸು, ಡ್ರೇಪು ಎರಡು ಸಲ ಬಿದ್ದಿದ್ದವು. 3,000 ಇಳಿಯಿತು. ಆ ಹಾಳೆಯನ್ನು ದಾಖಲಾಗುವ ದಿನವೇ ಕೇಳಬೇಕಿತ್ತು. ಆಗ ನಾನು ಕಿಟಕಿ ಕೇಳಿದ್ದೆ.

50,000ದಲ್ಲಿ ಮುಂಗಡ 20,000 ಕಳೆದು 30,000 ಕಟ್ಟಿ, ರಸೀದಿ ಮಡಚಿಕೊಂಡು ಮೇಲೆ ಹೋದೆ. ಅಪ್ಪ ಚಪ್ಪಲಿ ಹಾಕಿಕೊಂಡು ತಯಾರಾಗಿ ಕೂತಿದ್ದರು.

"ಎಲ್ಲಾ ವಿಮೆಯವರೇ ಕೊಟ್ರಲ್ವಾ?" ಅಂದರು. "ಆದ್ರೂ ಈ ರೂಮು ಸುಮ್ನೆ ದಂಡ ಕಣೋ. ಎಸಿ ಗಾಳಿ ಹೊರಗೆ ಹೋಗುತ್ತೆ ಅಂತ ಒಂದು ದಿನಾನೂ ಕಿಟಕಿ ತೆಗೆಯೋಕೇ ಬಿಡಲಿಲ್ಲ."