ಜೊಲ್ಲು ಸುರಿಸುತ್ತಾ ಮುಂದೆ ಬಾಗಿ ಕೂತ ಮಗುವಿನ ಗಂಟಲು ನೋಡಲು ಹೋಗಬೇಡಿ

ನಾನು ಅರಿವಳಿಕೆ ವೈದ್ಯ. ಗಂಟಲು ನೋವು ಅಂದ ತಕ್ಷಣ ಟಾರ್ಚ್ ಹಿಡಿದು "ಆ... ಅನ್ನು" ಅನ್ನೋದು ನಮ್ಮೆಲ್ಲರ ಅಭ್ಯಾಸ. ಮನೆಯಲ್ಲಾದರೆ ಟಾರ್ಚ್ ಜೊತೆ ಚಮಚ. ಸಾಮಾನ್ಯವಾಗಿ ಇದರಿಂದ ತೊಂದರೆಯಿಲ್ಲ. ಆದರೆ ಎಪಿಗ್ಲಾಟೈಟಿಸ್ ಅನ್ನೋ ಒಂದು ಕಾಯಿಲೆಯಲ್ಲಿ ಇದೇ ಅಭ್ಯಾಸ ಮಗುವಿನ ಉಸಿರು ನಿಲ್ಲಿಸಬಹುದು.

ನಾಲ್ಕು ವರ್ಷದ ಹುಡುಗಿ. ಬೆಳಿಗ್ಗೆ ಜ್ವರ, ಗಂಟಲು ನೋವು. ಮಧ್ಯಾಹ್ನದ ಹೊತ್ತಿಗೆ ನೀರೂ ಬೇಡ ಅಂದಳು. ಸಂಜೆಗೆ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮೊದಲು ತೋರಿಸಿದ ಕಡೆ ಅವಳನ್ನು ಮಲಗಿಸಿ, ನಾಲಿಗೆ ಒತ್ತಿ ಗಂಟಲು ನೋಡಲು ಹೋದರು. ಅವಳು ಅತ್ತಳು, ಕೆಲವು ಕ್ಷಣ ತುಟಿ ನೀಲಿಯಾಯಿತು. ಅಮ್ಮ ಗಾಬರಿಯಿಂದ ಎತ್ತಿ ಕೂರಿಸಿಕೊಂಡಿದ್ದರಿಂದ ಉಳಿದಳು ಅಂತಲೇ ನನ್ನ ಲೆಕ್ಕ.

ನಮ್ಮ ಹತ್ತಿರ ಬಂದಾಗ ಅಮ್ಮನ ತೊಡೆಯ ಮೇಲೆ ಎರಡೂ ಕೈ ಊರಿಕೊಂಡು, ಗಲ್ಲ ಮುಂದೆ ಚಾಚಿ, ಬಾಯಿ ತೆರೆದು ಕೂತಿದ್ದಳು. ಕೆಮ್ಮು ಇರಲಿಲ್ಲ. ಮಾತು ಬಾಯಲ್ಲಿ ಏನೋ ತುಂಬಿಕೊಂಡು ಆಡಿದಂತಿತ್ತು. ಉಸಿರು ಒಳಗೆ ಎಳೆದುಕೊಳ್ಳುವಾಗಲೆಲ್ಲ ಒಂದು ಒರಟು ಸದ್ದು. ಈ ಸದ್ದಿಗೇ ಸ್ಟ್ರೈಡರ್ ಅನ್ನೋದು.

ನಾಲಿಗೆಯ ಬುಡದಲ್ಲಿ ಎಪಿಗ್ಲಾಟಿಸ್ ಅಂತ ಎಲೆಯಾಕಾರದ ಒಂದು ಮುಚ್ಚಳ ಇದೆ. ಬಾಯಿ ತೆರೆದರೆ ಕಾಣುವ ಕಿರುನಾಲಿಗೆ ಅಲ್ಲ, ಅದಕ್ಕಿಂತ ಕೆಳಗೆ. ನಾವು ನುಂಗುವಾಗ ಇದು ಬಾಗಿ ಶ್ವಾಸನಾಳದ ಬಾಗಿಲನ್ನು ಮುಚ್ಚುತ್ತದೆ. ಇದಕ್ಕೆ ಸೋಂಕು ತಗುಲಿ ಊದಿಕೊಂಡರೆ ಎಲೆ ಹೋಗಿ ಉಂಡೆಯಾಗುತ್ತದೆ. ಆಗ ತನ್ನ ಎಂಜಲು ನುಂಗೋದಕ್ಕೂ ತಡೆಯಲಾಗದ ನೋವು, ಅದಕ್ಕೇ ಜೊಲ್ಲು. ಅದೇ ಉಂಡೆ ಗಾಳಿಯ ಬಾಗಿಲಿಗೂ ಅಡ್ಡ ಬರುತ್ತದೆ, ಅದಕ್ಕೆ ಸ್ಟ್ರೈಡರ್. ಜೊಲ್ಲು ಮತ್ತು ಸದ್ದು ಎರಡೂ ಒಟ್ಟಿಗೆ ಬಂತು ಅಂದರೆ ಬಾಗಿಲು ಆಗಲೇ ಬಹಳ ಕಿರಿದಾಗಿದೆ. ಕೊಳವೆಯ ಅಗಲ ಅರ್ಧಕ್ಕಿಳಿದರೆ ಗಾಳಿಗೆ ಅಡ್ಡಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟಾಗುತ್ತದೆ. ಹಾಗಾಗಿ ಸಂಜೆ ಆಟಿಕೆ ಹಿಡಿದು ಕೂತಿದ್ದ ಮಗು ರಾತ್ರಿ ಹೊತ್ತಿಗೆ ಉಸಿರಿಗೆ ಒದ್ದಾಡಬಹುದು.

ಇಂಥ ಮಗು ಅತ್ತರೆ ಜೋರಾಗಿ ಗಾಳಿ ಎಳೆಯುತ್ತದೆ, ಆ ಸೆಳೆತಕ್ಕೆ ಊದಿದ ಉಂಡೆಯೂ ಒಳಗೆ ಬರುತ್ತದೆ. ಮಲಗಿಸಿದರೆ ಅದು ಹಿಂದಕ್ಕೆ ಜಾರಿ ಬಾಗಿಲ ಮೇಲೇ ಕೂರುತ್ತದೆ. ಮುಂದೆ ಬಾಗಿ ಕೂರೋದನ್ನು ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ, ಹಾಗೆ ಕೂತರೆ ಮಾತ್ರ ಗಾಳಿ ಬರುತ್ತದೆ ಅಂತ ಅದರ ಮೈಗೇ ಗೊತ್ತು. ಇನ್ನೊಂದು, ಸದ್ದು ಕಡಿಮೆಯಾಯಿತು ಅಂತ ಸಮಾಧಾನ ಪಡಬೇಡಿ. ಮಗು ಸುಸ್ತಾಗಿ ಸುಮ್ಮನಾದಾಗಲೂ ಸದ್ದು ಇಳಿಯುತ್ತದೆ, ಯಾಕೆಂದರೆ ಸದ್ದು ಮಾಡುವಷ್ಟು ಗಾಳಿಯೇ ಓಡಾಡುತ್ತಿರುವುದಿಲ್ಲ.

ಆ ದಿನ ನಾವು ಮೊದಲು ಮಾಡಿದ್ದು ಹೆಚ್ಚುಕಡಿಮೆ ಏನೂ ಮಾಡದಿರುವುದು. ಸೂಜಿ ಚುಚ್ಚಲಿಲ್ಲ, ಎಕ್ಸ್‌ರೇಗೆ ಕಳಿಸಲಿಲ್ಲ, ಅಮ್ಮನಿಂದ ಬಿಡಿಸಲಿಲ್ಲ. ಆಮ್ಲಜನಕದ ಮಾಸ್ಕನ್ನು ಅಮ್ಮನೇ ಮುಖದ ಹತ್ತಿರ ಹಿಡಿದಿದ್ದರು. ಆಪರೇಷನ್ ಥಿಯೇಟರ್‌ನಲ್ಲಿ ಕೂತಿದ್ದಂತೆಯೇ ಅರಿವಳಿಕೆಯ ಗ್ಯಾಸ್ ಕೊಟ್ಟು, ಸ್ವಂತ ಉಸಿರು ನಿಲ್ಲದ ಹಾಗೆ ನಿಧಾನವಾಗಿ ನಿದ್ದೆ ಬರಿಸಿದೆವು. ಅಗತ್ಯ ಬಿದ್ದರೆ ಕುತ್ತಿಗೆಯಲ್ಲಿ ದಾರಿ ಮಾಡಲು ಕಿವಿ-ಮೂಗು-ಗಂಟಲಿನ ಸರ್ಜನ್ ಗ್ಲೌಸ್ ಹಾಕಿ ಪಕ್ಕದಲ್ಲೇ ನಿಂತಿದ್ದರು. ಪೂರ್ತಿ ನಿದ್ದೆ ಬಂದ ಮೇಲೆ ಒಳಗೆ ನೋಡಿದೆ. ಬರೀ ಕೆಂಪು ಉಂಡೆ, ಬಾಗಿಲೇ ಕಾಣಲಿಲ್ಲ. ಎದೆಯನ್ನು ಮೆಲ್ಲಗೆ ಒತ್ತಲು ಹೇಳಿದೆ, ಒಂದು ಕಡೆಯಿಂದ ಗುಳ್ಳೆ ಬಂತು. ಆ ಗುಳ್ಳೆಯ ಗುರುತಿಗೇ ಟ್ಯೂಬ್ ಇಳಿಸಿದೆ. ಅವಳ ವಯಸ್ಸಿಗೆ 5 ಮಿ.ಮೀ. ಟ್ಯೂಬ್ ಬೇಕು, ಒಳಗೆ ಹೋಗಿದ್ದು 4. ಆಮೇಲೆ ರಕ್ತ ಪರೀಕ್ಷೆ, ಡ್ರಿಪ್, ಆಂಟಿಬಯಾಟಿಕ್. ಎರಡು ದಿನಕ್ಕೆ ಊತ ಇಳಿದು ಟ್ಯೂಬ್ ಸುತ್ತ ಗಾಳಿ ಸೋರತೊಡಗಿತು, ತೆಗೆದೆವು.

ಮಕ್ಕಳಲ್ಲಿ ಈ ಕಾಯಿಲೆಗೆ ಮುಖ್ಯ ಕಾರಣವಾಗಿದ್ದ ಹಿಬ್ ಅನ್ನೋ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ ಅವಳಿಗೆ ಆಗಿರಲಿಲ್ಲ. ಆ ಬ್ಯಾಕ್ಟೀರಿಯಾದ ಪೂರ್ತಿ ಹೆಸರಲ್ಲಿ ಇನ್‌ಫ್ಲುಯೆಂಜಾ ಅಂತಿದೆ, ಆದರೆ ಅದಕ್ಕೂ ಫ್ಲೂ ಜ್ವರಕ್ಕೂ ಸಂಬಂಧವಿಲ್ಲ. ಲಸಿಕೆ ಬಂದ ಮೇಲೆ ಮಕ್ಕಳಲ್ಲಿ ಈ ಕಾಯಿಲೆ ಬಹಳ ಕಮ್ಮಿಯಾಗಿದೆ. ಹಾಗಾಗಿ ಹೊಸ ವೈದ್ಯರಲ್ಲಿ ಎಷ್ಟೋ ಜನ ಇದನ್ನು ಕಣ್ಣಾರೆ ನೋಡಿಯೇ ಇಲ್ಲ. ಬೇರೆ ಬ್ಯಾಕ್ಟೀರಿಯಾಗಳಿಂದಲೂ ಬರುವುದರಿಂದ ಲಸಿಕೆ ಆಗಿದೆ ಅಂತ ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ.

ಈಗ ಇದು ದೊಡ್ಡವರಲ್ಲೇ ಜಾಸ್ತಿ. ಅವರಿಗೆ ಶ್ವಾಸದ ದಾರಿ ಅಗಲವಿರುವುದರಿಂದ ಒಂದೆರಡು ದಿನ ತಳ್ಳುತ್ತಾರೆ, ಸ್ಟ್ರೈಡರ್ ತಡವಾಗಿ ಬರುತ್ತದೆ. ಎಂಜಲು ನುಂಗಲಾಗದೆ ಲೋಟಕ್ಕೆ ಉಗುಳುತ್ತಾ ಕೂತಿರುತ್ತಾರೆ, ಟಾರ್ಚ್ ಹಾಕಿದರೆ ಗಂಟಲು ಚೆನ್ನಾಗೇ ಕಾಣುತ್ತದೆ. "ಏನೂ ಇಲ್ಲ, ಉಪ್ಪು ನೀರು ಮುಕ್ಕಳಿಸಿ" ಅಂತ ಕಳಿಸಿಬಿಡೋದು ಇಲ್ಲೇ. ಅಷ್ಟು ನೋವಿದ್ದೂ ಗಂಟಲು ಸರಿಯಾಗಿ ಕಂಡರೆ, ತೊಂದರೆ ಟಾರ್ಚಿಗೆ ಕಾಣದಷ್ಟು ಕೆಳಗಿದೆ ಅಂತ ಅನುಮಾನ ಪಡಬೇಕು. ಅಂಥವರನ್ನು ತಕ್ಷಣ ಟ್ಯೂಬ್ ಹಾಕುವ ಸೌಲಭ್ಯ ಇರುವ ಆಸ್ಪತ್ರೆಗೆ, ಕೂರಿಸಿಕೊಂಡೇ ಕರೆದೊಯ್ಯಬೇಕು.