ಮನೆಗೆ ಬಂದು ಮಲಗಿದ ಮೇಲೂ ನಡೆದ ರೋಮಿಂಗ್

"ಸಿಮ್ಮೇ ಫೋನಲ್ಲಿ ಇರಲಿಲ್ಲ, ದುಡ್ಡು ಹೇಗೋ ಹೋಯ್ತು?" ಇವತ್ತು ಬೆಳಿಗ್ಗೆ ದೊಡ್ಡಪ್ಪ ಕೇಳಿದ ಪ್ರಶ್ನೆ ಇದು. ಆಗಿನಿಂದ ನನಗೆ ಸಿಟ್ಟು ಇಳಿದಿಲ್ಲ.

ದೊಡ್ಡಪ್ಪ, ದೊಡ್ಡಮ್ಮ ದುಬೈಗೆ ಮಗಳ ಮನೆಗೆ ಹೋಗಿದ್ದು ನಿಮಗೆಲ್ಲ ಗೊತ್ತೇ ಇದೆ. ಹೊರಡುವಾಗ ದೊಡ್ಡಪ್ಪನ ಪ್ರೀಪೇಯ್ಡ್ ನಂಬರಿಗೆ 10 ದಿನದ ರೋಮಿಂಗ್ ಪ್ಯಾಕ್ ಹಾಕಿಸಿದವನು ನಾನೇ. ಸುಮಾರು 3 ಸಾವಿರ ರೂಪಾಯಿ. ಅವರ ಯುಪಿಐ ಆ್ಯಪ್‌ನಿಂದಲೇ ಕಟ್ಟಿದೆವು. ಕಟ್ಟುವಾಗ ಆಟೋಪೇ ಅಂತ ಒಂದು ಟಿಕ್ ಮೊದಲೇ ಬಿದ್ದಿತ್ತು. ನಾನು ನೋಡಲಿಲ್ಲ. ದೊಡ್ಡಪ್ಪ ಪಿನ್ ಒತ್ತಿದರು. ಆ ಒಂದು ಪಿನ್ ಈ ಸಲದ ಪ್ಯಾಕಿಗೆ ಮಾತ್ರ ಅಲ್ಲ, ಮುಂದಿನ ಪ್ಯಾಕುಗಳಿಗೂ ಒಪ್ಪಿಗೆ ಆಗಿಬಿಟ್ಟಿತು. ತಪ್ಪು ನನ್ನದೂ ಇದೆ, ಅದಕ್ಕೇ ಇಷ್ಟು ನೋವು.

5ನೇ ತಾರೀಕು ದುಬೈಯಲ್ಲಿ ಪ್ಯಾಕ್ ಶುರುವಾಯಿತು. ಮೂರು ದಿನ ಆದಮೇಲೆ ಅಕ್ಕ ಅಲ್ಲಿಯ ಸಿಮ್ ತಂದುಕೊಟ್ಟಳು. ದೊಡ್ಡಪ್ಪ ನಮ್ಮ ಸಿಮ್ ತೆಗೆದು ಪರ್ಸಿನಲ್ಲಿಟ್ಟರು. ಸಿಮ್ ತೆಗೆದರೆ ಎಲ್ಲ ನಿಂತಹಾಗೆ ಅಂತ ಅವರ ಲೆಕ್ಕ. ಆದರೆ ರಿನ್ಯೂವಲ್ ನಡೆಯುವುದು ಫೋನಿನಲ್ಲಿ ಅಲ್ಲ. ಅದು ಕಂಪನಿಗೂ ಬ್ಯಾಂಕಿಗೂ ನಡುವಿನ ವ್ಯವಹಾರ. ಡೇಟಾ ರೋಮಿಂಗ್ ಆಫ್ ಮಾಡಿ, ಕಂಪನಿಯ ಆ್ಯಪ್ ಡಿಲೀಟ್ ಮಾಡಿ, ಫೋನನ್ನೇ ಬೀರುವಿನಲ್ಲಿಡಿ, ಆ ಒಪ್ಪಿಗೆ ಅಲ್ಲೇ ಇರುತ್ತದೆ. 15 ಸಾವಿರದ ಒಳಗಿನ ಮೊತ್ತವಾದ್ದರಿಂದ ಎರಡನೇ ಸಲ ಪಿನ್ನೂ ಕೇಳುವುದಿಲ್ಲ.

ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ತಿಳಿಸಿದರು ಕೂಡ, 14ರಂದು ಮೆಸೇಜ್ ಕಳಿಸಿದ್ದಾರೆ. ಆದರೆ ಸಿಮ್ ಪರ್ಸಿನಲ್ಲಿದ್ದರೆ ಮೆಸೇಜ್ ಎಲ್ಲಿಗೆ ಬರಬೇಕು? 15ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿದು, ಮನೆಗೆ ಬಂದು ಮಲಗಿದರು. ಅವರು ಏಳುವ ಹೊತ್ತಿಗೆ ದುಡ್ಡು ಹೋಗಿತ್ತು. ಬಸವನಗುಡಿಯ ಮನೆಯಲ್ಲಿ ಕೂತವರಿಗೆ ಇನ್ನೂ 10 ದಿನದ ವಿದೇಶಿ ರೋಮಿಂಗ್! ಕಸ್ಟಮರ್ ಕೇರ್‌ನವರು ಹೇಳಿದ್ದು ಒಂದೇ ಮಾತು, "ಪ್ಯಾಕ್ ಆ್ಯಕ್ಟಿವ್ ಆಗಿದೆ ಸರ್, ರೀಫಂಡ್ ಆಗಲ್ಲ." ಬಳಸಲಾಗದ ಜಾಗದಲ್ಲಿ ಆ್ಯಕ್ಟಿವ್ ಆದರೆ ಏನು ಪ್ರಯೋಜನ ಹೇಳಿ.

ವಯಸ್ಸಾದವರು ಪರದೇಶದಲ್ಲಿ ನೆಟ್ ಇಲ್ಲದೆ ಸಿಕ್ಕಿಹಾಕಿಕೊಳ್ಳಬಾರದು, ಅದಕ್ಕೇ ಈ ಸೌಲಭ್ಯ ಅಂತ ಗೆಳೆಯನೊಬ್ಬ ವಾದ ಮಾಡಿದ. ನಾನು ಒಪ್ಪುವುದಿಲ್ಲ. ಪ್ರವಾಸ ನಾಲ್ಕು ದಿನ ಜಾಸ್ತಿ ಆದರೆ ಇಲ್ಲಿಂದಲೇ ನಾನು ಆ ನಂಬರಿಗೆ ರಿಚಾರ್ಜ್ ಮಾಡಬಹುದು. ವಾಪಸ್ ಬರುವ ಟಿಕೆಟ್ ಕೈಯಲ್ಲಿರುವವರಿಗೆ ಕೊನೆಯಿಲ್ಲದ ಪ್ಯಾಕ್ ಯಾಕೆ ಬೇಕು?

ಈಗ ವಿದೇಶದಲ್ಲಿ ಇರುವವರು, ಹೊರಟವರು ದಯವಿಟ್ಟು ಇದನ್ನು ಮಾಡಿ. ಪಿನ್ ಒತ್ತಿದ ಅದೇ ಯುಪಿಐ ಆ್ಯಪ್ ತೆರೆಯಿರಿ. ನಿಮ್ಮ ಪ್ರೊಫೈಲ್ ಚಿತ್ರ ಒತ್ತಿದರೆ Autopay ಅಂತ ಸಿಗುತ್ತದೆ. ಅಲ್ಲಿ ಮೊಬೈಲ್ ಕಂಪನಿಯ ಹೆಸರು ಇದೆಯಾ ನೋಡಿ. ಇದ್ದರೆ ಅದನ್ನು ಒತ್ತಿ ರದ್ದು ಮಾಡಿ, ಪಿನ್ ಕೇಳುತ್ತದೆ. Pause ಅಂತಲೂ ಒಂದು ಆಯ್ಕೆ ಕಾಣಬಹುದು. ಅದು ಸ್ವಲ್ಪ ದಿನ ತಡೆದು ನಿಲ್ಲಿಸುವುದು ಅಷ್ಟೇ, ಒಪ್ಪಿಗೆ ಹಾಗೇ ಉಳಿಯುತ್ತದೆ.

ರದ್ದು ಮಾಡಿದರೆ ಇರುವ ಪ್ಯಾಕೂ ಹೋಗುತ್ತದೆ ಅನ್ನುವ ಭಯದಿಂದಲೇ ತುಂಬ ಜನ ಕೊನೆಯ ದಿನದವರೆಗೆ ಕಾಯುತ್ತಾರೆ. ಹೋಗುವುದಿಲ್ಲ. ದುಡ್ಡು ಕಟ್ಟಿದ ದಿನಗಳು ಪೂರ್ತಿ ನಡೆಯುತ್ತವೆ, ಮುಂದಿನ ಕಡಿತ ಮಾತ್ರ ನಿಲ್ಲುತ್ತದೆ. ಕಂಪನಿಯ ಆ್ಯಪ್‌ನಲ್ಲಿ ಪ್ಯಾಕನ್ನೇ ನಿಲ್ಲಿಸುವ ಬಟನ್ ಇದ್ದರೆ ಅದು ಬೇರೆ, ಅದನ್ನು ಮುಟ್ಟಬೇಡಿ. ಪ್ಯಾಕ್ ಮುಗಿಯಲು ಎರಡು ದಿನ ಇರುವಾಗಲೇ ಈ ಕೆಲಸ ಮುಗಿಸಿ, ಹೊರಡುವ ಗಡಿಬಿಡಿಗೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಮಾತು. ಅಲ್ಲಿಯ ಸಿಮ್ ಹಾಕಿಕೊಳ್ಳುವ ಮೊದಲೇ ಇದನ್ನು ಮಾಡಿ. ಯುಪಿಐ ಆ್ಯಪ್ ನಮ್ಮ ಸಿಮ್ಮಿಗೆ ಕಟ್ಟಿಕೊಂಡಿರುತ್ತದೆ. ಸಿಮ್ ತೆಗೆದರೆ ಎಷ್ಟೋ ಸಲ ಅದು ತೆರೆಯುವುದೇ ಇಲ್ಲ, ಮತ್ತೆ ನಂಬರ್ ಖಾತ್ರಿ ಮಾಡು ಅನ್ನುತ್ತದೆ. ಅದಕ್ಕೆ ಆ ಸಿಮ್‌ನಿಂದಲೇ ಮೆಸೇಜ್ ಹೋಗಬೇಕು. ಸಿಮ್ ಫೋನಿನಲ್ಲೇ ಇದ್ದರೆ ಮನೆಯ ವೈಫೈ ಸಾಕು.

ದೊಡ್ಡಪ್ಪನ ಆ್ಯಪ್ ತೆಗೆದು ನೋಡಿದಾಗ ಮುಂದಿನ ಕಡಿತಕ್ಕೆ 25ನೇ ತಾರೀಕು ಅಂತ ಬರೆದಿತ್ತು. ಈ ಸಲ ರದ್ದು ಬಟನ್ ಅವರ ಕೈಯಲ್ಲೇ ಒತ್ತಿಸಿದೆ. ಹೋದ 3 ಸಾವಿರಕ್ಕೆ ಕಂಪನಿಗೆ ಲಿಖಿತ ದೂರು ಕೊಟ್ಟು, ದೂರಿನ ನಂಬರ್ ಬರೆದಿಟ್ಟುಕೊಂಡಿದ್ದೇನೆ.