ಅಕ್ಕನಿಗೆ ಮಧುಮೇಹ, ತಮ್ಮನಿಗೇಕೆ ರಕ್ತಪರೀಕ್ಷೆ?

ಅಮೆರಿಕದಲ್ಲಿರುವ ನನ್ನ ಅಣ್ಣನ ಮಗಳಿಗೆ ಟೈಪ್ 1 ಮಧುಮೇಹ. ಅವಳ ಒಂಬತ್ತು ವರ್ಷದ ತಮ್ಮನ ರಕ್ತವನ್ನೂ ಆ್ಯಂಟಿಬಾಡಿ ಪರೀಕ್ಷೆಗೆ ಕೊಡುತ್ತೇವೆ ಎಂದು ಅತ್ತಿಗೆ ಹೇಳಿದಾಗ ಊರಿನ ಹಿರಿಯರು ಗದರಿದರು: ಆಡಿಕೊಂಡಿರುವ ಹುಡುಗನಿಗೆ ಇಲ್ಲದ ಕಾಯಿಲೆ ಹುಡುಕುವುದೇಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೂ ನಾನು ಅತ್ತಿಗೆಯ ಪರ.

ಈ ಕಾಯಿಲೆ ಬಾಯಾರಿಕೆಯಿಂದ ಶುರುವಾಗುವುದಿಲ್ಲ. ಅದಕ್ಕೆ ಎಷ್ಟೋ ಮೊದಲೇ ದೇಹದ ರೋಗನಿರೋಧಕ ವ್ಯವಸ್ಥೆ ಇನ್ಸುಲಿನ್ ತಯಾರಿಸುವ ಬೀಟಾ ಜೀವಕೋಶಗಳ ಮೇಲೆ ಬಿದ್ದಿರುತ್ತದೆ. ಆ ದಾಳಿಯ ಗುರುತೇ ಈ ಆ್ಯಂಟಿಬಾಡಿಗಳು. ಒಂದೇ ಬಗೆ ಸಿಕ್ಕರೆ ಗಾಬರಿ ಬೇಡ, ಅನೇಕರಲ್ಲಿ ಅದು ಮುಂದುವರಿಯುವುದಿಲ್ಲ. ಎರಡು ಬಗೆ ಸಿಕ್ಕು, ಮತ್ತೊಮ್ಮೆ ತೆಗೆದ ರಕ್ತದಲ್ಲೂ ಕಂಡರೆ ಮಾತು ಬೇರೆ. ಅಂಥ ಮಕ್ಕಳಲ್ಲಿ ಸುಮಾರು ಶೇ 70ರಷ್ಟು ಮಂದಿಗೆ ಹತ್ತು ವರ್ಷದೊಳಗೆ ಇನ್ಸುಲಿನ್ ಬೇಕಾಗುತ್ತದೆ.

ನಮ್ಮ ಹುಡುಗನಲ್ಲಿ ಎರಡು ಸಿಕ್ಕವು. ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ನಂತರ ನೋಡಿದರೆ ರಕ್ತದ ಸಕ್ಕರೆ 162. ಇದು ಮಧುಮೇಹವಲ್ಲ, ಅದಕ್ಕೆ 200 ಆಗಬೇಕು. ಆದರೆ 140 ದಾಟಿದ್ದರಿಂದ ಎರಡನೇ ಹಂತ, ಅಂದರೆ ಆ್ಯಂಟಿಬಾಡಿಯ ಜೊತೆಗೆ ಸಕ್ಕರೆಯೂ ಏರುಪೇರಾಗಿದೆ, ಕಾಯಿಲೆ ಇನ್ನೂ ಪೂರ್ತಿ ಬಂದಿಲ್ಲ. ಕಾಯಿಲೆಯನ್ನು ಮುಂದೂಡುವ ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಈ ಹಂತದಲ್ಲಿರುವವರಿಗಾಗಿಯೇ. ಸಕ್ಕರೆ ಸರಿಯಿದ್ದರೆ ಕೊಡುವುದಿಲ್ಲ, ಕಾಯಿಲೆ ಬಂದ ಮೇಲೆ ಆ ಅನುಮತಿ ಅನ್ವಯಿಸುವುದಿಲ್ಲ.

ದಿನಕ್ಕೊಮ್ಮೆ ಡ್ರಿಪ್, ಸತತ ಹದಿನಾಲ್ಕು ದಿನ. ಮೊದಲ ನಾಲ್ಕು ದಿನ ಕಡಿಮೆ ಪ್ರಮಾಣ, ಐದನೆಯ ದಿನದಿಂದ ಪೂರ್ತಿ. ಜ್ವರ, ವಾಂತಿ ಬಾರದಿರಲೆಂದು ಆರಂಭದ ದಿನಗಳಲ್ಲಿ ಮುಂಚಿತವಾಗಿ ಮಾತ್ರೆ. ಹುಡುಗನ ಬೆನ್ನ ಮೇಲೆಲ್ಲ ಗುಳ್ಳೆ ಎದ್ದಾಗ ಅಣ್ಣ ರಾತ್ರಿಯೆಲ್ಲ ಫೋನಿನಲ್ಲೇ ಇದ್ದ. ಬಿಳಿ ರಕ್ತಕಣಗಳು ಇಳಿದು ಮತ್ತೆ ಏರಿದವು. ಇದು ನಿರೀಕ್ಷಿತವೇ, ಹಾಗಾಗಿ ಬಾಕಿ ಲಸಿಕೆಗಳನ್ನು ಮೊದಲೇ ಹಾಕಿಸಿರಬೇಕು.

ಸಿಕ್ಕುವುದೇನು? 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟೈಪ್ 1 ರೋಗಿಗಳ 76 ಬಂಧುಗಳಿದ್ದರು. ಹುಸಿ ಔಷಧಿ ಪಡೆದವರಲ್ಲಿ ಅರ್ಧದಷ್ಟು ಜನರಿಗೆ ಎರಡು ವರ್ಷಕ್ಕೆ ಕಾಯಿಲೆ ಬಂತು, ಔಷಧಿ ಪಡೆದವರಲ್ಲಿ ನಾಲ್ಕು ವರ್ಷಕ್ಕೆ. ಅಂದರೆ ಸರಾಸರಿಯಾಗಿ ಎರಡು ವರ್ಷ ಮುಂದೂಡಿಕೆ. ಕೆಲವರಿಗೆ ಅಷ್ಟೂ ಇಲ್ಲ, ಕೆಲವರಿಗೆ ಇನ್ನೂ ಹೆಚ್ಚು. ಹನ್ನೊಂದರ ಬದಲು ಹದಿಮೂರಕ್ಕೆ ಇನ್ಸುಲಿನ್ ಶುರುವಾದರೆ ಹುಡುಗನೇ ಊಟ ಲೆಕ್ಕ ಹಾಕಬಲ್ಲ, ಶಾಲೆಯಲ್ಲಿ ತಾನೇ ಚುಚ್ಚಿಕೊಳ್ಳಬಲ್ಲ. ನನಗೆ ಅದು ಸಣ್ಣ ಲಾಭವಲ್ಲ. ಆದರೆ ವಿಮೆಯಿಲ್ಲದವರಿಗೆ ಇದು ಕೈಗೆಟುಕುವ ಮಾತಲ್ಲ: ಪಟ್ಟಿಯ ಬೆಲೆ ಹತ್ತಿರ ಹತ್ತಿರ ಎರಡು ಲಕ್ಷ ಡಾಲರ್.

ಹಾಗಾದರೆ ಔಷಧಿ ಸಿಗದವರಿಗೆ ಪರೀಕ್ಷೆ ವ್ಯರ್ಥವೇ? ಇಲ್ಲ. ಅವನ ಅಕ್ಕನಿಗೆ ವಾಂತಿ ಶುರುವಾದಾಗ ಹೊಟ್ಟೆ ಕೆಟ್ಟಿದೆ ಎಂದು ಒಆರ್‌ಎಸ್ ಕೊಟ್ಟು ಕಳುಹಿಸಿದ್ದರು. ಉಸಿರು ಏರಿ, ಬಾಯಿಯಿಂದ ಹಣ್ಣಿನಂಥ ವಾಸನೆ ಬಂದ ಮೇಲೆಯೇ ಇದು ಇನ್ಸುಲಿನ್ ಇಲ್ಲದೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಎಂದು ಗೊತ್ತಾಗಿದ್ದು, ನೇರ ಐಸಿಯು. ಆ್ಯಂಟಿಬಾಡಿ ಇದೆಯೆಂದು ತಿಳಿದಿರುವ ಮನೆಯಲ್ಲಿ ಮಗು ವಾಂತಿ ಮಾಡಿದರೆ ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ.

ಅವರ ಮೂರು ವರ್ಷದ ಕಿರಿಯವಳಿಗೆ ಈ ಸಲ ಏನೂ ಸಿಗಲಿಲ್ಲ. ಆ ವಯಸ್ಸಿನಲ್ಲಿ ಆ್ಯಂಟಿಬಾಡಿ ಮುಂದೆಯೂ ಹುಟ್ಟಬಹುದು, ಆದ್ದರಿಂದ ಅವಳನ್ನು ಮತ್ತೆ ಪರೀಕ್ಷಿಸುತ್ತಾರೆ.